ರೈಲು ಎಲ್ಲಿದೆ, ಟಿಕೆಟ್ ಯಾವ ದಿನದ್ದು? ಪರಿಗಿಯಲ್ಲಿ ಗಡಿನಾಡ ಗೆಳೆಯರ ಜೊತೆ ಆಡಿದ ಮಾತು



ಪರಿಗಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ ಕಡೆಯಿಂದ ಬಂದಿರೋ ಅಣ್ಣ ತಮ್ಮಂದಿರೇ, ಅಕ್ಕ ತಂಗಿಯರೇ, ಇವತ್ತು ನಾವು ಭಾಷಣ ಮಾಡೋಕೆ ನಿಂತಿಲ್ಲ. ನಮ್ಮೆಲ್ಲರ ಜೇಬಲ್ಲಿರೋ ಫೋನನ್ನೇ ಮುಂದಿಟ್ಟುಕೊಂಡು ಒಂದು ಕೆಲಸದ ಮಾತು ಆಡೋಣ. ನಮ್ಮ ಊರಿನ ಹುಡುಗರು ಓದೋಕೆ ಹೋಗೋದು ಬೆಂಗಳೂರಿಗೆ, ಹೊಸಪೇಟೆಗೆ, ಹುಬ್ಬಳ್ಳಿ ಧಾರವಾಡಕ್ಕೆ. ಕೆಲಸಕ್ಕೆ ಹೋಗೋದು ದೊಡ್ಡಬಳ್ಳಾಪುರ, ಯಲಹಂಕ, ಯಶವಂತಪುರಕ್ಕೆ. ಕನ್ನಡದಲ್ಲಿ ಬರೆಯೋ ಪರೀಕ್ಷೆ ಬಹುಪಾಲು ಗಡಿಯ ಆಚೆಗೇ ಇರುತ್ತೆ. ಈ ಓಡಾಟಕ್ಕೆಲ್ಲ ನಮಗೆ ಹತ್ತಿರದ ದಾರಿ ಹಿಂದೂಪುರದ ರೈಲು. ರೈಲು ತಪ್ಪಿದ್ರೆ ಕೆಲಸಕ್ಕೆ ಹೋಗೋನಿಗೆ ಒಂದು ದಿನದ ಕೂಲಿ ಹೋಯ್ತು, ಪರೀಕ್ಷೆಗೆ ಹೋಗೋನಿಗೆ ಒಂದು ವರ್ಷ ಹೋಯ್ತು.

ಆ್ಯಪ್ ಇಲ್ಲದವರು ಈಗ ಯಾರೂ ಇಲ್ಲ. ತೊಂದರೆ ಇರೋದು ಆ್ಯಪ್ ತೋರಿಸಿದ್ದನ್ನ ಓದೋದರಲ್ಲಿ. ಅದಕ್ಕೆ ಮೂರೇ ವಿಷಯ ಹೇಳ್ತೀವಿ. ಮೊದಲನೇದು, ರೈಲು ಎಲ್ಲಿದೆ ಅಂತ ಆ್ಯಪ್ ಹೇಳೋದನ್ನ ಎಷ್ಟು ನಂಬಬೇಕು. ಎರಡನೇದು, ಜನರಲ್ ಟಿಕೆಟ್ ಫೋನಲ್ಲಿ ತಗೊಳ್ಳುವಾಗ ಎಲ್ಲಿ ದಂಡ ಬೀಳುತ್ತೆ. ಮೂರನೇದು, ರಿಸರ್ವೇಶನ್ ಮಾಡುವಾಗ ತಾರೀಖು ಹೇಗೆ ತಪ್ಪುತ್ತೆ.

ರೈಲು ಎಲ್ಲಿದೆ?

ನಾವು ಬಳಸೋ ಆ್ಯಪ್‌ಗಳಲ್ಲಿ ಎರಡು ಬಗೆ. ಒಂದು ರೈಲ್ವೆಯದ್ದೇ ಆದ ಎನ್‌ಟಿಇಎಸ್. ಇನ್ನೊಂದು ಹೊರಗಿನವರು ಮಾಡಿದ್ದು. ಅದರಲ್ಲಿ ನಮ್ಮವರ ಫೋನಲ್ಲಿ ಹೆಚ್ಚಾಗಿ ಇರೋದು 'ವೇರ್ ಈಸ್ ಮೈ ಟ್ರೈನ್'. ಇದನ್ನ ಮಾಡಿದ್ದು ಬೆಂಗಳೂರಿನ ಸಿಗ್ಮಾಯ್ಡ್ ಲ್ಯಾಬ್ಸ್ ಅನ್ನೋ ಸಣ್ಣ ಕಂಪನಿ. 2018ರ ಡಿಸೆಂಬರ್‌ನಲ್ಲಿ ಗೂಗಲ್ ಅದನ್ನ ಕೊಂಡುಕೊಂಡಿತು. ಅದರಲ್ಲಿ ಕನ್ನಡವೂ ಇದೆ. ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಬದಲಿಸಿಕೊಂಡ್ರೆ ಆಯ್ತು. ಮನೇಲಿ ಅಜ್ಜಿ ತಾತ ಕನ್ನಡ ಓದೋರಿದ್ರೆ ಅವರ ಫೋನಲ್ಲೂ ಇವತ್ತೇ ಬದಲಿಸಿ ಕೊಡಿ.

ರೈಲು ಎಲ್ಲಿದೆ ಅನ್ನೋದು ಆ್ಯಪ್‌ಗೆ ಗೊತ್ತಾಗೋದು ಹೇಗೆ? ರೈಲು ಒಂದೊಂದು ಸ್ಟೇಷನ್ ದಾಟಿದಾಗಲೂ ಆ ಹೊತ್ತು ರೈಲ್ವೆಯ ಕಂಟ್ರೋಲ್ ಆಫೀಸಿನ ಕಂಪ್ಯೂಟರ್‌ಗೆ ಸೇರುತ್ತೆ. ಇದರ ಜೊತೆಗೆ ಈಗ ಬಹಳಷ್ಟು ಇಂಜಿನ್‌ಗಳಿಗೆ ಇಸ್ರೋ ನೆರವಿನಿಂದ ಮಾಡಿದ ಒಂದು ಉಪಕರಣ ಹಾಕಿದ್ದಾರೆ. ಅದು ಉಪಗ್ರಹದ ಮೂಲಕ 30 ಸೆಕೆಂಡಿಗೊಮ್ಮೆ ಇಂಜಿನ್ ಎಲ್ಲಿದೆ, ಎಷ್ಟು ವೇಗದಲ್ಲಿದೆ ಅಂತ ತಿಳಿಸುತ್ತೆ. ಅದು ಇಲ್ಲದ ಇಂಜಿನ್ ಆದ್ರೆ, ಎರಡು ಸ್ಟೇಷನ್ ನಡುವೆ ರೈಲು ನಿಂತಿದ್ರೂ ಆ್ಯಪ್‌ಗೆ ತಕ್ಷಣ ಗೊತ್ತಾಗಲ್ಲ. ಹಿಂದಿನ ಸ್ಟೇಷನ್ ಬಿಟ್ಟ ಹೊತ್ತು, ಅಲ್ಲಿಂದ ಬರೋಕೆ ಬೇಕಾದ ಹೊತ್ತು, ಇವೆರಡನ್ನ ಕೂಡಿಸಿ 'ಇಷ್ಟು ಗಂಟೆಗೆ ಬರಬಹುದು' ಅಂತ ತೋರಿಸ್ತಾ ಇರುತ್ತೆ. ಅದು ಲೆಕ್ಕ ಮಾತ್ರ, ಕಣ್ಣಿಂದ ನೋಡಿದ್ದಲ್ಲ.

ಅದಕ್ಕೆ ಪರದೆ ಮೇಲೆ ಮೊದಲು ನೋಡಬೇಕಾದ್ದು ಬರೋ ಹೊತ್ತಲ್ಲ, 'ಕೊನೆಯ ಅಪ್‌ಡೇಟ್' ಯಾವಾಗ ಆಗಿದ್ದು ಅನ್ನೋದು. ಎರಡು ನಿಮಿಷದ ಹಿಂದೆ ಅಂತಿದ್ರೆ ನಂಬಬಹುದು. ಇಪ್ಪತ್ತು ಇಪ್ಪತ್ತೈದು ನಿಮಿಷದಿಂದ ಅಪ್‌ಡೇಟ್ ಆಗಿಲ್ಲ, ಆದ್ರೂ ಗೊಂಬೆ ರೈಲು ಮುಂದೆ ಓಡ್ತಾ ಇದೆ ಅಂದ್ರೆ ಅದು ಊಹೆ. ಆಗ ಎನ್‌ಟಿಇಎಸ್ ತೆಗೆದು, ಕೊನೆಗೆ ಯಾವ ಸ್ಟೇಷನ್ ಎಷ್ಟು ಹೊತ್ತಿಗೆ ಬಿಟ್ಟಿದೆ ಅಂತ ನೋಡಿ. ಎರಡರಲ್ಲೂ ಒಂದೇ ಇದ್ರೆ ಸರಿ. ಬೇರೆ ಬೇರೆ ಇದ್ರೆ ರೈಲ್ವೆಯ ಆ್ಯಪ್ಪಿನ ಮಾತೇ ಹಿಡೀರಿ.

ಇನ್ನೊಂದು ಗೊಂದಲ ಇದೆ. 'ವೇರ್ ಈಸ್ ಮೈ ಟ್ರೈನ್' ಇಂಟರ್ನೆಟ್ ಇಲ್ಲದೇನೂ ನಡೆಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನಿಜ, ಆದ್ರೆ ಅದು ನೀವು ರೈಲಿನೊಳಗೆ ಇದ್ದಾಗ ಮಾತ್ರ. ನಿಮ್ಮ ಫೋನು ಯಾವ ಟವರಿನ ಸಿಗ್ನಲ್ ಹಿಡೀತಿದೆ ಅನ್ನೋದರ ಮೇಲೆ ಅದು ಜಾಗ ಗುರುತಿಸುತ್ತೆ. ಅಂದ್ರೆ ಅದು ಹೇಳೋದು ನಿಮ್ಮ ಫೋನಿರೋ ಜಾಗ. ಪರಿಗಿಯ ಬಸ್ ಸ್ಟಾಪಲ್ಲಿ ನಿಂತವನಿಗೆ ಪೆನುಕೊಂಡದ ಹತ್ತಿರ ಇರೋ ರೈಲನ್ನ ಅದು ಇಂಟರ್ನೆಟ್ ಇಲ್ಲದೆ ತೋರಿಸೋಕೆ ಆಗಲ್ಲ. ಮನೆಯಿಂದ ನೋಡುವಾಗ ಡೇಟಾ ಆನ್ ಇರಲೇಬೇಕು. ರೈಲು ಹತ್ತಿದ ಮೇಲೆ ಡೇಟಾ ಇಲ್ಲದಿದ್ರೂ ನಡೆಯುತ್ತೆ.

ಈಗ ಒಂದು ಲೆಕ್ಕ ಹಾಕೋಣ. ನಮ್ಮ ಪರಿಗಿ ಹುಡುಗ ಒಬ್ಬನಿಗೆ ಭಾನುವಾರ ಬೆಂಗಳೂರಲ್ಲಿ ಪರೀಕ್ಷೆ. ಧರ್ಮಾವರ ಕಡೆಯಿಂದ ಬರೋ ರೈಲನ್ನ ಹಿಂದೂಪುರದಲ್ಲಿ ಹಿಡೀಬೇಕು. ಪರಿಗಿಯಲ್ಲಿ ಸ್ಟೇಷನ್ ಇಲ್ಲ. ಬಸ್ಸೋ ಆಟೋನೋ ಹಿಡಿದು ಹಿಂದೂಪುರಕ್ಕೆ ಹೋಗಬೇಕು, ಅದಕ್ಕೆ ಕಾಯೋ ಹೊತ್ತೂ ಸೇರಿಸಿ ಮುಕ್ಕಾಲು ಗಂಟೆ ಇಟ್ಕೊಳ್ಳೋಣ. ಎದ್ದು ಆ್ಯಪ್ ನೋಡಿದ, 'ರೈಲು 40 ನಿಮಿಷ ಲೇಟು' ಅಂತಿದೆ. ನಲವತ್ತು ನಿಮಿಷ ತಡವಾಗಿ ಹೊರಟ್ರೆ ಆಯ್ತು ಅಂತ ಕೂತ. ಅವನು ಸ್ಟೇಷನ್ ಮುಟ್ಟೋ ಹೊತ್ತಿಗೆ ರೈಲು ಹೋಗಿಬಿಟ್ಟಿದೆ. ಆ್ಯಪ್ ಸುಳ್ಳು ಹೇಳಿತಾ? ಇಲ್ಲ. ರೈಲಿನ ವೇಳಾಪಟ್ಟಿಯಲ್ಲಿ ಕೆಲವು ಕಡೆ ಬೇಕಂತಲೇ ಒಂದಿಷ್ಟು ಹೆಚ್ಚಿನ ನಿಮಿಷ ಇಟ್ಟಿರ್ತಾರೆ, ಲೇಟಾದ ರೈಲು ಅಲ್ಲಿ ಸುಧಾರಿಸಿಕೊಳ್ಳಲಿ ಅಂತ. ದೊಡ್ಡ ಸ್ಟೇಷನ್ನಲ್ಲಿ ಹತ್ತು ನಿಮಿಷ ನಿಲ್ಲಬೇಕಾದ ರೈಲು ಲೇಟಾಗಿದ್ರೆ ಮೂರು ನಾಲ್ಕು ನಿಮಿಷಕ್ಕೇ ಹೊರಟುಬಿಡಬಹುದು. ಹೀಗೆ 40 ನಿಮಿಷದ ಲೇಟು ಬರ್ತಾ ಬರ್ತಾ 15 ಆಗಬಹುದು. ಇದೇ ಕಾರಣಕ್ಕೆ, ಹಿಂದೂಪುರಕ್ಕೆ ಲೇಟಾಗಿ ಬಂದ ರೈಲು ಎಷ್ಟೋ ಸಲ ಬೆಂಗಳೂರನ್ನ ಸರಿಯಾದ ಹೊತ್ತಿಗೇ ಮುಟ್ಟೋದನ್ನ ನೀವೆಲ್ಲ ನೋಡಿದ್ದೀರಿ.

ಹಾಗಾದ್ರೆ ಏನು ಮಾಡಬೇಕು? ಸುಲಭದ ದಾರಿ ಅಂದ್ರೆ ವೇಳಾಪಟ್ಟಿಯ ಹೊತ್ತಿಗೇ ಸ್ಟೇಷನ್ನಲ್ಲಿ ಇರೋದು. ಅದು ಆಗಲ್ಲ ಅಂದ್ರೆ ಎಷ್ಟು ನಿಮಿಷ ಲೇಟು ಅನ್ನೋದನ್ನ ಬಿಟ್ಟು, ರೈಲು ಯಾವ ಸ್ಟೇಷನ್ ಬಿಟ್ಟಿದೆ ಅಂತ ನೋಡಿ ಹೊರಡಿ. ರೈಲು ಪೆನುಕೊಂಡ ಬಿಟ್ಟಾದ ಮೇಲೆ ಪರಿಗಿಯಿಂದ ಹೊರಟ್ರೆ ಕೆಲಸ ಕೆಟ್ಟಂತೆ. ಅದು ಇನ್ನೂ ಧರ್ಮಾವರದ ಆಚೆ ಇರುವಾಗಲೇ ನೀವು ಮನೆ ಬಿಟ್ಟಿರಬೇಕು. ಮಡಕಶಿರಾ ಕಡೆಯವರು ಇನ್ನೂ ಒಂದು ಸ್ಟೇಷನ್ ಹಿಂದಕ್ಕೆ ಹಾಕ್ಕೊಳ್ಳಿ. ಪರೀಕ್ಷೆ ದಿನ ಅಂತೂ ಮೊದಲನೇ ದಾರಿಯೇ ಸರಿ.

ಎನ್‌ಟಿಇಎಸ್‌ನಲ್ಲಿ 'ಲೈವ್ ಸ್ಟೇಷನ್' ಅಂತ ಒಂದು ಭಾಗ ಇದೆ. ಅದನ್ನ ನಮ್ಮವರು ಬಳಸೋದು ಕಡಿಮೆ, ಬಳಸಬೇಕಾದ್ದು ಅದನ್ನೇ. ಅಲ್ಲಿ ರೈಲಿನ ನಂಬರು ಬೇಡ. ಹಿಂದೂಪುರದ ಕೋಡ್ HUP ಹಾಕಿ, ಮುಂದಿನ 2 ಗಂಟೆ ಅಥವಾ 4 ಗಂಟೆ ಅಂತ ಒತ್ತಿದ್ರೆ, ಅಷ್ಟು ಹೊತ್ತಲ್ಲಿ ಅಲ್ಲಿಗೆ ಬರೋ ರೈಲುಗಳೆಲ್ಲ ಸಾಲಾಗಿ ಬರುತ್ತೆ, ಎಷ್ಟು ಲೇಟು ಅನ್ನೋದರ ಸಮೇತ. ಬೆಂಗಳೂರಿಗೆ ಯಾವುದಾದ್ರೂ ರೈಲು ಸಾಕು ಅನ್ನೋನಿಗೆ ಇದಕ್ಕಿಂತ ಚೆನ್ನಾಗಿರೋದು ಇಲ್ಲ. ಅದೇ ಆ್ಯಪಲ್ಲಿ ರದ್ದಾದ ರೈಲು, ದಾರಿ ಬದಲಿಸಿದ ರೈಲುಗಳ ಪಟ್ಟಿಯೂ ಇದೆ. ಹಳಿ ಕೆಲಸ ನಡೆಯುವಾಗ ಮೊದಲು ಪೆಟ್ಟು ಬೀಳೋದು ನಮ್ಮ ಪ್ಯಾಸೆಂಜರ್, ಮೆಮು ರೈಲಿಗೇ. ಹಿಂದಿನ ರಾತ್ರಿ ಒಂದು ಸಲ ಆ ಪಟ್ಟಿ ನೋಡಿ ಮಲಗಿ.

ಮೆಮು ಅಂದಾಗ ನಂಬರಿನ ಮಾತು ಬಂತು. ಕೋವಿಡ್ ಆದಮೇಲೆ ಪ್ಯಾಸೆಂಜರ್ ರೈಲುಗಳು ಸೊನ್ನೆಯಿಂದ ಶುರುವಾಗೋ ನಂಬರಲ್ಲಿ ಸ್ಪೆಷಲ್ ಅಂತ ಓಡ್ತಿದ್ವು. 2025ರ ಜನವರಿ 1ರಿಂದ ಅವುಗಳಿಗೆ ಮಾಮೂಲಿ ನಂಬರ್ ಕೊಟ್ಟಿದ್ದಾರೆ. ಫೋನಲ್ಲಿ ಹಳೇ ನಂಬರ್ ಉಳಿಸಿಕೊಂಡಿರೋರು 'ಇಂಥ ರೈಲೇ ಇಲ್ಲ' ಅಂತ ಬಂದ್ರೆ ಗಾಬರಿ ಆಗಬೇಡಿ. HUPಯಿಂದ ನಿಮ್ಮ ಊರಿನ ಕೋಡ್‌ವರೆಗೆ ಅಂತ ಹುಡುಕಿದ್ರೆ ಹೊಸ ನಂಬರ್ ಸಿಗುತ್ತೆ.

ಜನರಲ್ ಟಿಕೆಟ್

ಬೆಂಗಳೂರಿಗೆ ಹೋಗಿಬರೋರಲ್ಲಿ ಹೆಚ್ಚಿನವರು ಜನರಲ್ ಬೋಗಿಯವರೇ. ಕೌಂಟರ್ ಮುಂದೆ ಸಾಲು ನಿಂತು ರೈಲು ತಪ್ಪಿಸಿಕೊಳ್ಳೋದು ಯಾಕೆ ಅಂತ ಫೋನಲ್ಲೇ ಟಿಕೆಟ್ ತಗೊಳ್ತಾರೆ. ಇದಕ್ಕೆ ಮೊದಲಿಂದ ಇದ್ದದ್ದು ಯುಟಿಎಸ್ ಆ್ಯಪ್. 2025ರ ಜುಲೈ 1ರಂದು ರೈಲ್ವೆಯವರು 'ರೈಲ್‌ಒನ್' ಅಂತ ಒಂದು ಆ್ಯಪ್ ತಂದ್ರು. ಅದರಲ್ಲಿ ಜನರಲ್ ಟಿಕೆಟ್, ರಿಸರ್ವೇಶನ್, ರೈಲು ಎಲ್ಲಿದೆ ಅನ್ನೋದು, ದೂರು, ಎಲ್ಲ ಒಂದೇ ಕಡೆ ಸಿಗುತ್ತೆ. ಐಆರ್‌ಸಿಟಿಸಿ ಅಥವಾ ಯುಟಿಎಸ್ ಖಾತೆ ಇದ್ದೋರು ಅದರಿಂದಲೇ ಒಳಗೆ ಹೋಗಬಹುದು.

ಇಲ್ಲಿ ನಾಲ್ಕು ಕಡೆ ಜನ ಎಡವುತ್ತಾರೆ.

ಒಂದು, ರೈಲಿನ ಬಗೆ. ಟಿಕೆಟ್ ತಗೊಳ್ಳುವಾಗ ಆರ್ಡಿನರಿ, ಮೇಲ್ ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಅಂತ ಕೇಳುತ್ತೆ. ಆರ್ಡಿನರಿ ಕಡಿಮೆ ದುಡ್ಡು ಅಂತ ಅದನ್ನ ಒತ್ತಿಬಿಡ್ತಾರೆ. ಅದು ಪ್ಯಾಸೆಂಜರ್, ಮೆಮುಗೆ ಮಾತ್ರ. ಅದೇ ಟಿಕೆಟ್ ಹಿಡ್ಕೊಂಡು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ರೆ ತಪ್ಪು ಟಿಕೆಟ್. ಮೇಲ್ ಎಕ್ಸ್‌ಪ್ರೆಸ್ ಟಿಕೆಟ್ ಇಟ್ಕೊಂಡು ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದ್ರೂ ಅದೇ ಕಥೆ, ಯಾಕಂದ್ರೆ ಅದು ಸೂಪರ್‌ಫಾಸ್ಟ್, 15 ರೂಪಾಯಿ ಹೆಚ್ಚು. ಆ 15 ರೂಪಾಯಿ ಉಳಿಸೋಕೆ ಹೋಗಿ ಸಿಕ್ಕಿಬಿದ್ರೆ ವ್ಯತ್ಯಾಸದ ದುಡ್ಡಿನ ಜೊತೆ ಕನಿಷ್ಠ 250 ರೂಪಾಯಿ ದಂಡ. ಯಾವ ರೈಲು ಮೊದಲು ಬರುತ್ತೋ ಗೊತ್ತಿಲ್ಲ ಅನ್ನೋನು ಸೂಪರ್‌ಫಾಸ್ಟ್ ಟಿಕೆಟ್ಟೇ ತಗೊಳ್ಳಲಿ. ಹೆಚ್ಚಿನ ಟಿಕೆಟ್ಟಲ್ಲಿ ಕೆಳಗಿನ ರೈಲು ಹತ್ತಬಹುದು, ಕಡಿಮೆ ಟಿಕೆಟ್ಟಲ್ಲಿ ಮೇಲಿನದು ಹತ್ತೋಕೆ ಆಗಲ್ಲ.

ಎರಡು, ಹೊತ್ತು. 199 ಕಿಲೋಮೀಟರ್ ಒಳಗಿನ ಜನರಲ್ ಟಿಕೆಟ್ ತಗೊಂಡ ಮೇಲೆ ಮೂರು ಗಂಟೆ ಒಳಗೆ, ಅಥವಾ ಆ ಕಡೆಗೆ ಹೋಗೋ ಮೊದಲ ರೈಲಿಗೆ ಪ್ರಯಾಣ ಶುರು ಮಾಡಬೇಕು. ಹಿಂದೂಪುರದಿಂದ ಬೆಂಗಳೂರು ಸುಮಾರು 100 ಕಿಲೋಮೀಟರ್, ಹಾಗಾಗಿ ನಮಗೆ ಈ ನಿಯಮವೇ. ಬೆಳಗಿನ ಐದು ಗಂಟೆಗೆ ಟಿಕೆಟ್ ತಗೊಂಡು, ಮಧ್ಯೆ ರೈಲು ಬಿಟ್ಟು, ಮಧ್ಯಾಹ್ನದ ರೈಲಿಗೆ ಹೋಗ್ತೀನಿ ಅಂದ್ರೆ ನಡೆಯಲ್ಲ. ಫೋನಲ್ಲಿ ತಗೊಂಡ ಪೇಪರ್‌ಲೆಸ್ ಟಿಕೆಟ್ಟನ್ನ ರದ್ದು ಮಾಡೋಕೂ ಬರಲ್ಲ. ಅದಕ್ಕೆ ಮೊದಲು ಲೈವ್ ಸ್ಟೇಷನ್ ನೋಡಿ, ರೈಲು ಎಷ್ಟು ಹೊತ್ತಿಗೆ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಟಿಕೆಟ್ ತಗೊಳ್ಳಿ. ರೈಲು ನಾಲ್ಕು ಗಂಟೆ ಲೇಟು ಅಂತ ಗೊತ್ತಾದ ದಿನ ಬಸ್ಸಿಗೆ ಹೋಗೋ ದಾರಿಯಾದ್ರೂ ಉಳಿಯುತ್ತೆ.

ಮೂರು, ಜಾಗ. ಮುಂಚೆ ಸ್ಟೇಷನ್ನಿಂದ ಇಷ್ಟು ದೂರದ ಒಳಗೆ ಇದ್ರೆ ಮಾತ್ರ ಟಿಕೆಟ್ ಸಿಗ್ತಿತ್ತು. 2024ರಲ್ಲಿ ಆ ಹೊರಗಿನ ಮಿತಿ ತೆಗೆದ್ರು. ಈಗ ಪರಿಗಿಯ ಮನೆಯಲ್ಲಿ ಕೂತೇ ತಗೊಳ್ಳಬಹುದು. ಆದ್ರೆ ಸ್ಟೇಷನ್ ಒಳಗೆ, ಹಳಿ ಹತ್ತಿರ ಬಂದುಬಿಟ್ರೆ ಪೇಪರ್‌ಲೆಸ್ ಟಿಕೆಟ್ ಸಿಗಲ್ಲ. ಟಿಕೆಟ್ ತಪಾಸಣೆಯವರನ್ನ ಕಂಡಮೇಲೆ ಟಿಕೆಟ್ ತೆಗೆಯೋದನ್ನ ತಡೆಯೋಕೆ ಆ ವ್ಯವಸ್ಥೆ. ಫೋನಿನ ಲೊಕೇಶನ್ ಆನ್ ಇರಬೇಕು. ಗೇಟಿನ ಒಳಗೆ ಹೋದಮೇಲೆ ನೆನಪಾದ್ರೆ, ಸ್ಟೇಷನ್ನಲ್ಲಿ ಅಂಟಿಸಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತಗೊಳ್ಳಬಹುದು.

ನಾಲ್ಕು, ತೋರಿಸೋದು. ಟಿಕೆಟ್ಟನ್ನ ಆ್ಯಪ್ ಒಳಗಿನ 'ಶೋ ಟಿಕೆಟ್' ಒತ್ತಿಯೇ ತೋರಿಸಬೇಕು. ಅದಕ್ಕೆ ಇಂಟರ್ನೆಟ್ ಬೇಡ. ಸ್ಕ್ರೀನ್‌ಶಾಟ್ ನಡೆಯಲ್ಲ. ಮಗ ತನ್ನ ಫೋನಲ್ಲಿ ಅಮ್ಮನಿಗೆ ಟಿಕೆಟ್ ತೆಗೆದು, ಅದರ ಫೋಟೋನ ವಾಟ್ಸ್‌ಆ್ಯಪಲ್ಲಿ ಕಳಿಸಿ ರೈಲು ಹತ್ತಿಸ್ತಾನೆ. ಅಮ್ಮನ ಕೈಲಿರೋದು ಟಿಕೆಟ್ ಅಲ್ಲ, ಬರೀ ಫೋಟೋ. ತಪಾಸಣೆಯಲ್ಲಿ ಅದು ಟಿಕೆಟ್ ಇಲ್ಲದ ಲೆಕ್ಕವೇ. ಫೋನ್ ಚಾರ್ಜ್ ಮುಗಿದ್ರೂ ಹಾಗೇ. ಅಮ್ಮ ಒಬ್ಬರೇ ಹೋಗೋದಾದ್ರೆ ಕೌಂಟರಲ್ಲಿ ಕಾಗದದ ಟಿಕೆಟ್ಟೇ ತೆಗೆದುಕೊಡಿ.

ದುಡ್ಡು ಕಟ್ ಆಗಿ ಟಿಕೆಟ್ ಬರದಿದ್ರೆ ತಕ್ಷಣ ಇನ್ನೊಂದು ಸಲ ಕಟ್ಟಬೇಡಿ. ಮೊದಲು ಬುಕಿಂಗ್ ಹಿಸ್ಟರಿ ತೆಗೆದು ನೋಡಿ. ಎಷ್ಟೋ ಸಲ ಟಿಕೆಟ್ ಅಲ್ಲಿ ಬಂದು ಕೂತಿರುತ್ತೆ, ಪರದೆ ಮಾತ್ರ ಸಿಕ್ಕಿಹಾಕ್ಕೊಂಡಿರುತ್ತೆ.

ದಿನಾ ಓಡಾಡೋರು ಪಾಸ್ ಮಾಡಿಸಿ. ಸೀಸನ್ ಟಿಕೆಟ್ 150 ಕಿಲೋಮೀಟರ್‌ವರೆಗೆ ಸಿಗುತ್ತೆ, ನಮ್ಮ ದೂರ ಅದರೊಳಗೇ ಇದೆ. ತಿಂಗಳದ್ದು, ಮೂರು ತಿಂಗಳದ್ದು, ಆರು ತಿಂಗಳದ್ದು, ವರ್ಷದ್ದು ಅಂತ ಇವೆ. ಒಂದು ಗಮನ ಇರಲಿ, ಫೋನಲ್ಲಿ ಇವತ್ತು ತಗೊಂಡ ಪಾಸ್ ನಾಳೆಯಿಂದ ಜಾರಿಗೆ ಬರುತ್ತೆ. ಸೋಮವಾರ ಬೆಳಿಗ್ಗೆ ಸ್ಟೇಷನ್ ಹೊರಗೆ ನಿಂತು ಪಾಸ್ ತಗೊಂಡು ಅದೇ ರೈಲು ಹತ್ತೋ ಹಾಗಿಲ್ಲ. ಭಾನುವಾರವೇ ತಗೊಳ್ಳಿ. ಮತ್ತೆ, ಮಾಮೂಲಿ ಪಾಸ್ ಇಟ್ಕೊಂಡು ರಿಸರ್ವೇಶನ್ ಬೋಗಿಯಲ್ಲಿ ಕೂರೋ ಹಾಗಿಲ್ಲ. ಪಾಸಿನಲ್ಲಿ ಬರೆಸಿದ ಗುರುತಿನ ಚೀಟಿಯೂ ಜೊತೆಗಿರಬೇಕು.

ತಾರೀಖಿನ ಲೆಕ್ಕ

ಈಗ ಮೂರನೇ ವಿಷಯ. ಇದಕ್ಕೆ ಹಂಪಿ ಎಕ್ಸ್‌ಪ್ರೆಸ್ ಒಂದನ್ನೇ ತಗೊಳ್ಳೋಣ. ನಮ್ಮ ಗಡಿನಾಡಿನಿಂದ ಬಳ್ಳಾರಿ, ಹೊಸಪೇಟೆ, ಗದಗ, ಹುಬ್ಬಳ್ಳಿಗೆ ಹೋಗೋರಿಗೆ ಅದೇ ಆಧಾರ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಹೋಗೋ ನಮ್ಮ ಮಕ್ಕಳೂ ಹೊಸಪೇಟೆಯಲ್ಲಿ ಇಳಿಯೋದು ಇದೇ ರೈಲಿಂದ.

16592 ಮೈಸೂರಿಂದ ಹುಬ್ಬಳ್ಳಿಗೆ ಹೋಗುತ್ತೆ. 16591 ಹುಬ್ಬಳ್ಳಿಯಿಂದ ಮೈಸೂರಿಗೆ ಬರುತ್ತೆ. ಒಂದಂಕಿ ತಪ್ಪಿದ್ರೆ ಎದುರು ದಿಕ್ಕಿನ ರೈಲು ಕಾಣುತ್ತೆ, ಅದನ್ನ ಮೊದಲು ಸರಿ ಮಾಡ್ಕೊಳ್ಳಿ.

16592 ಮೈಸೂರನ್ನ ಸಂಜೆ ಬಿಟ್ಟು, ಬೆಂಗಳೂರು ದಾಟಿ, ಹಿಂದೂಪುರಕ್ಕೆ ಬರೋದು ನಡುರಾತ್ರಿ ಆಸುಪಾಸು. ಕಷ್ಟ ಇರೋದು ಇಲ್ಲೇ. ವೇಳಾಪಟ್ಟಿಯಲ್ಲಿ ಹಿಂದೂಪುರದ ಹೊತ್ತು ರಾತ್ರಿ 12ಕ್ಕೆ ಮುಂಚೆ ಇದೆಯೋ, ಆದಮೇಲೆ ಇದೆಯೋ ಅಂತ ನೋಡಲೇಬೇಕು, ವೇಳೆ ಆಗಾಗ ಬದಲಾಗ್ತಿರುತ್ತೆ. ಉದಾಹರಣೆಗೆ, 12 ಗಂಟೆ 10 ನಿಮಿಷಕ್ಕೆ ಅಂತ ಇಟ್ಕೊಳ್ಳೋಣ. ನೀವು ಶುಕ್ರವಾರ ರಾತ್ರಿ ಊಟ ಮಾಡಿ ಸ್ಟೇಷನ್ನಿಗೆ ಹೋಗ್ತೀರಿ. ನಿಮ್ಮ ಮನಸ್ಸಲ್ಲಿ ಅದು ಶುಕ್ರವಾರದ ಪ್ರಯಾಣ. ಆದ್ರೆ ರೈಲು ಹಿಂದೂಪುರಕ್ಕೆ ಬರುವಾಗ ಶನಿವಾರ ಆಗಿರುತ್ತೆ. ಆ್ಯಪ್ ಕೇಳೋದು ನೀವು ಹತ್ತೋ ಸ್ಟೇಷನ್ನಿನ ತಾರೀಖು. ಅಲ್ಲಿ ಶುಕ್ರವಾರ ಅಂತ ಹಾಕಿದ್ರೆ ಗುರುವಾರ ರಾತ್ರಿ ನೀವು ಸ್ಟೇಷನ್ನಲ್ಲಿರಬೇಕಿತ್ತು. ಶುಕ್ರವಾರ ರಾತ್ರಿ ನೀವು ಹೋಗಿ ನಿಂತಾಗ ನಿಮ್ಮ ರೈಲು ಒಂದು ದಿನದ ಹಿಂದೆಯೇ ಹೋಗಿ ಆಗಿರುತ್ತೆ. ದುಡ್ಡೂ ಬರಲ್ಲ, ಬರ್ತ್ ಕೂಡ ಇಲ್ಲ.

ತತ್ಕಾಲ್ ಆದ್ರೆ ಇನ್ನೊಂದು ಸುತ್ತು. ತತ್ಕಾಲ್ ತೆರೆಯೋದು ರೈಲು ತನ್ನ ಮೊದಲ ಸ್ಟೇಷನ್ ಬಿಡೋ ದಿನಕ್ಕೆ ಒಂದು ದಿನ ಮುಂಚೆ. ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ. ನಮ್ಮ ಉದಾಹರಣೆಯಲ್ಲಿ ರೈಲು ಮೈಸೂರು ಬಿಡೋದು ಶುಕ್ರವಾರ. ಹಾಗಾದ್ರೆ ತತ್ಕಾಲ್ ತೆರೆಯೋದು ಗುರುವಾರ. 'ಶನಿವಾರದ ಟಿಕೆಟ್ಟು, ಶುಕ್ರವಾರ ಬುಕ್ ಮಾಡಿದ್ರಾಯ್ತು' ಅಂತ ಕೂತೋನಿಗೆ ಅಷ್ಟೊತ್ತಿಗೆ ಎಲ್ಲ ಖಾಲಿ. ಆ್ಯಪಲ್ಲಿ ಶನಿವಾರ ಅಂತ ಆರಿಸಬೇಕು, ಆದ್ರೆ ಗುರುವಾರ ಕೂತು ಆರಿಸಬೇಕು. ಇಷ್ಟು ನೆನಪಿದ್ರೆ ಸಾಕು.

ಅದೂ ಅಲ್ಲದೆ 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿರಬೇಕು, ಒಟಿಪಿ ಬರುತ್ತೆ. ಇದನ್ನ 10:58ಕ್ಕೆ ಮಾಡೋಕೆ ಹೋಗಬೇಡಿ. ಆಧಾರ್‌ನಲ್ಲಿರೋ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಲೇ ಇದೆಯಾ ಅಂತ ನೋಡಿಕೊಳ್ಳಿ. ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಅದು ಅಪ್ಪನ ಹಳೇ ನಂಬರ್ ಆಗಿರುತ್ತೆ, ಅದು ನಿಂತುಹೋಗಿ ಎರಡು ವರ್ಷ ಆಗಿರುತ್ತೆ. ಮಾಮೂಲಿ ಬುಕಿಂಗ್ ಮುಂಚೆ 120 ದಿನ ಮೊದಲೇ ತೆರೀತಿತ್ತು, 2024ರ ನವೆಂಬರ್ 1ರಿಂದ ಅದು 60 ದಿನ. ಯುಗಾದಿ, ದಸರಾ ರಜೆಗೆ ಲೆಕ್ಕ ಹಾಕೋರು ಅಷ್ಟನ್ನ ಗುರುತಿಟ್ಕೊಳ್ಳಿ.

ವೇಟಿಂಗ್ ಲಿಸ್ಟ್ ಬಗ್ಗೆ ಒಂದು ಮಾತು. ನಡುವಿನ ಸ್ಟೇಷನ್ನಿಂದ ಬುಕ್ ಮಾಡುವಾಗ GNWL ಅಲ್ಲದೆ RLWL, PQWL ಅಂತ ಬರಬಹುದು. GNWL ಅಂದ್ರೆ ಸಾಮಾನ್ಯ ಪಟ್ಟಿ, ಅದು ಕನ್ಫರ್ಮ್ ಆಗೋ ಸಾಧ್ಯತೆ ಹೆಚ್ಚು. ಉಳಿದೆರಡು ನಡುವಿನ ಸ್ಟೇಷನ್‌ಗಳಿಗೆ ಇಟ್ಟಿರೋ ಸಣ್ಣ ಪಾಲು, ಅಲ್ಲಿ 10 ಅಂತ ಇದ್ರೂ ಸರಿಯೋದು ನಿಧಾನ. ಅದಕ್ಕೆ ಕೆಲವರು ಬೆಂಗಳೂರಿಂದಲೇ ಟಿಕೆಟ್ ತಗೊಂಡು ಹಿಂದೂಪುರದಲ್ಲಿ ಹತ್ತುತ್ತಾರೆ. ಸ್ವಲ್ಪ ಹೆಚ್ಚು ದುಡ್ಡಾದ್ರೂ ಬರ್ತ್ ಸಿಗುತ್ತೆ. ಆದ್ರೆ ಹಾಗೆ ಮಾಡಿದ್ರೆ 'ಬೋರ್ಡಿಂಗ್ ಸ್ಟೇಷನ್' ಅನ್ನೋ ಕಡೆ HUP ಅಂತ ಬದಲಿಸೋದು ಮರೀಬೇಡಿ, ಅದೂ ಸಾಕಷ್ಟು ಮುಂಚೆಯೇ. ಮರೆತ್ರೆ ಬೆಂಗಳೂರಲ್ಲಿ ನೀವು ಬಂದಿಲ್ಲ ಅಂತ ಗುರುತು ಹಾಕಿ ಬರ್ತನ್ನ ಬೇರೆಯವರಿಗೆ ಕೊಟ್ಟುಬಿಡಬಹುದು. ವೇಟಿಂಗ್ ಟಿಕೆಟ್ ಇಟ್ಕೊಂಡು ಸ್ಲೀಪರ್ ಬೋಗಿ ಹತ್ತೋ ಹಾಗಿಲ್ಲ. ಆನ್‌ಲೈನ್ ಟಿಕೆಟ್ ಆದ್ರೆ ಚಾರ್ಟ್ ಆದಮೇಲೂ ವೇಟಿಂಗ್ ಅಂತಲೇ ಇದ್ರೆ ತಾನಾಗೇ ರದ್ದಾಗಿ ದುಡ್ಡು ವಾಪಸ್ ಬರುತ್ತೆ.

ಇನ್ನು ವಾಪಸ್ ಬರೋ ದಾರಿ. 16591 ಹುಬ್ಬಳ್ಳಿಯನ್ನ ಸಂಜೆ ಬಿಟ್ಟು ಹಿಂದೂಪುರಕ್ಕೆ ಬರೋದು ಬೆಳಗಿನ ಜಾವ, ಎಲ್ಲರೂ ಗಾಢ ನಿದ್ದೆಯಲ್ಲಿರೋ ಹೊತ್ತು. ಎಚ್ಚರ ಆಗದಿದ್ರೆ ಕಣ್ಣು ಬಿಡೋದು ಯಲಹಂಕದಲ್ಲೋ ಬೆಂಗಳೂರಲ್ಲೋ. 'ವೇರ್ ಈಸ್ ಮೈ ಟ್ರೈನ್' ಆ್ಯಪಲ್ಲಿ ಸ್ಟೇಷನ್ ಅಲಾರಂ ಇದೆ. ಹಿಂದೂಪುರವನ್ನೇ ಇಟ್ಟು ಮಲಗಿ. ಆದ್ರೆ ಅದು ಟವರ್ ಸಿಗ್ನಲ್ ನಂಬಿಕೊಂಡಿರೋದು, ಕೆಲವು ಕಡೆ ಸಿಗ್ನಲ್ ಇರಲ್ಲ. ಅದಕ್ಕೆ ಜೊತೆಗೊಂದು ಮಾಮೂಲಿ ಗಡಿಯಾರದ ಅಲಾರಮ್ಮನ್ನ ಧರ್ಮಾವರದ ಹೊತ್ತಿಗೆ ಇಟ್ಟಿರಿ.

ಮಗಳು ಹೊಸಪೇಟೆಯಿಂದ ಬರ್ತಾಳೆ ಅಂತ ಅಪ್ಪ ನಾಲ್ಕು ಗಂಟೆಗೆ ಎದ್ದು ಆ್ಯಪ್ ನೋಡ್ತಾರೆ. 'ರೈಲು ಇನ್ನೂ ಹೊರಟಿಲ್ಲ' ಅಂತ ಬರುತ್ತೆ, ಎದೆ ಹೊಡ್ಕೊಳ್ಳುತ್ತೆ. ಕಾರಣ ಇಷ್ಟೇ, ಅವರು ನೋಡ್ತಿರೋದು ಇವತ್ತು ಸಂಜೆ ಹುಬ್ಬಳ್ಳಿ ಬಿಡೋ ರೈಲು. ಮಗಳು ಇರೋದು ನಿನ್ನೆ ಹೊರಟ ರೈಲಲ್ಲಿ. ಎನ್‌ಟಿಇಎಸ್‌ನಲ್ಲಿ ರೈಲು ಹೊರಟ ತಾರೀಖು ಅಂತ ಕೇಳೋ ಕಡೆ ನಿನ್ನೆಯದ್ದನ್ನ ಆರಿಸಬೇಕು. ಮುಂಬೈಯಿಂದ ಬರೋ 11301 ಉದ್ಯಾನ್ ಎಕ್ಸ್‌ಪ್ರೆಸ್‌ಗೂ ಹಾಗೇ, ಅದು ನಿನ್ನೆ ಬೆಳಿಗ್ಗೆ ಹೊರಟಿದ್ದು. ದೆಹಲಿಯಿಂದ ಬರೋ 12628 ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಮೊನ್ನೆಯ ತಾರೀಖು, ಯಾಕಂದ್ರೆ ಅದು ನಮ್ಮ ಕಡೆ ಬರೋದು ಮೂರನೇ ದಿನ. ಇದನ್ನ ಮನೆಯವರಿಗೆ ಒಂದು ಸಲ ತೋರಿಸಿಕೊಡಿ.

ಕೊನೆಗೆ ನಮ್ಮ ಭಾಷೆಯ ಮಾತು. ಹಿಂದೂಪುರ ಆಂಧ್ರದಲ್ಲಿದ್ರೂ ಅದು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗದ ಸ್ಟೇಷನ್. ಅಂದ್ರೆ ರೈಲು ಸಮಯ, ಮೆಮು ನಿಲುಗಡೆ, ಕನ್ನಡದಲ್ಲಿ ಪ್ರಕಟಣೆ, ಏನು ಕೇಳಬೇಕಿದ್ರೂ ನಾವು ಬರೀಬೇಕಾದ್ದು ಬೆಂಗಳೂರಿನ ವಿಭಾಗೀಯ ಕಚೇರಿಗೆ, ಕನ್ನಡದಲ್ಲೇ ಬರೀಬಹುದು. ಪ್ರಯಾಣದಲ್ಲಿ ತೊಂದರೆ ಆದ್ರೆ 139ಕ್ಕೆ ಫೋನ್ ಮಾಡಿ, ಭಾಷೆ ಆರಿಸೋ ಹೊತ್ತಲ್ಲಿ ಕನ್ನಡವನ್ನೇ ಆರಿಸಿ. ಅರ್ಜಿ ಬರೆಯುವಾಗ 'ರೈಲು ಲೇಟು' ಅಂತ ಒಂದು ಸಾಲು ಬರೆದ್ರೆ ಯಾರೂ ಓದಲ್ಲ. ಒಂದು ತಿಂಗಳು ದಿನಾ, ನಮ್ಮ ಮೆಮು HUPಗೆ ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಬಿಟ್ಟಿತು ಅಂತ ಎನ್‌ಟಿಇಎಸ್ ನೋಡಿ ಒಂದು ನೋಟ್ ಬುಕ್ಕಲ್ಲಿ ಬರೆದಿಡಿ. ಮೂವತ್ತು ದಿನದ ಆ ಪಟ್ಟಿಯನ್ನ ಅರ್ಜಿಗೆ ಲಗತ್ತಿಸಿದ್ರೆ, ಅದರಲ್ಲಿರೋದು ರೈಲ್ವೆಯದ್ದೇ ಅಂಕಿ, ಅವರೇ ಅದನ್ನ ಅಲ್ಲಗಳೆಯೋಕೆ ಬರಲ್ಲ.

ಈ ಪಟ್ಟಿ ಬರೆಯೋಕೆ ಪರಿಗಿಯಿಂದ ಇಬ್ಬರು, ಹಿಂದೂಪುರದಿಂದ ಇಬ್ಬರು, ಮಡಕಶಿರಾದಿಂದ ಇಬ್ಬರು ಬೇಕು. ಯಾರು ಅಂತ ಇಲ್ಲೇ, ಟೀ ಕುಡಿಯುವಾಗಲೇ ತೀರ್ಮಾನ ಮಾಡೋಣ.